ಮೆಸ್ಸಿನ ಮೆನು ಪುಟದಿಂದ ಒಂದು ಕೇಸ್ ಸ್ಟಡಿ

"ಚಿಕ್ಕಪ್ಪ, ವೆಬ್ ಡಿಸೈನ್ ಕೋರ್ಸ್ ಮುಗಿಯಿತು. ಇನ್ನೂ ಒಬ್ಬ ಗ್ರಾಹಕರೂ ಸಿಕ್ಕಿಲ್ಲ. ಪೋರ್ಟ್‌ಫೋಲಿಯೊದಲ್ಲಿ ಏನು ತೋರಿಸಲಿ?"

ಮಗಳೇ, ಇಲ್ಲದ ಕಂಪನಿಗಳ ಹೆಸರಿನಲ್ಲಿ ಹತ್ತು ಮುಖಪುಟಗಳನ್ನು ಮಾಡುವುದಕ್ಕಿಂತ, ಪುಣೆಯ ಕೊತ್ರೂಡಿನಲ್ಲಿ ನೀನು ದಿನವೂ ಊಟ ಮಾಡುವ ಮೆಸ್ಸಿಗೆ ಒಂದೇ ಒಂದು ಮೆನು ಪುಟವನ್ನು ಮಾಡು. ಇಂದಿನ ಪಲ್ಯ ಯಾವುದೆಂಬುದು ಅಲ್ಲಿನ ಹಲಗೆಯ ಮುಂದೆ ನಿಂತವರಿಗಷ್ಟೇ ತಿಳಿಯುತ್ತದೆ, ಉಳಿದವರು ಫೋನ್ ಮಾಡಿ ಕೇಳುತ್ತಾರೆ. ಮಾಲೀಕರ ಒಪ್ಪಿಗೆ ಪಡೆದು ಒಂದು ಮಧ್ಯಾಹ್ನ ಅಲ್ಲಿಯೇ ಕುಳಿತು, ಜನರು ಏನೇನು ಕೇಳುತ್ತಾರೆಂಬುದನ್ನು ಅವರದೇ ಮಾತಿನಲ್ಲಿ ಬರೆದುಕೊ. ಆ ಪಟ್ಟಿಯೇ ಪೋರ್ಟ್‌ಫೋಲಿಯೊದಲ್ಲಿ ಈ ಕೆಲಸವನ್ನು ವಿವರಿಸುವ ನಿನ್ನ ಕೇಸ್ ಸ್ಟಡಿಯ ಮೊದಲ ಭಾಗವಾಗುತ್ತದೆ.

ಪುಟ ಸಿದ್ಧವಾದ ಮೇಲೆ ಐದು ಮಂದಿಯ ಕೈಗೆ ಫೋನ್ ಕೊಟ್ಟು, "ಇಂದು ಡಬ್ಬಾ ಎಷ್ಟು ರೂಪಾಯಿ, ಎಷ್ಟು ಗಂಟೆಯೊಳಗೆ ಹೇಳಬೇಕು?" ಎಂದು ಕೇಳಿ, ಬಳಿಕ ಸುಮ್ಮನಿದ್ದು ಅವರ ಬೆರಳನ್ನು ಗಮನಿಸು. ಪುಣೆಗೆ ಬಂದ ಹೊಸತರಲ್ಲಿ ನಾನು ಇಂಥದೇ ಪುಟ ಮಾಡಿದಾಗ ಥಾಲಿಯ ದೊಡ್ಡ ಚಿತ್ರವನ್ನು ಮೇಲೆ ಹಾಕಿದ್ದೆ. ಬೆಲೆ ಪರದೆಯ ಕೆಳಗೆ ಮರೆಯಾಗಿ, ಜನರು ಚಿತ್ರವನ್ನೇ ಒತ್ತುತ್ತಿದ್ದರು. ಬೆಲೆ ಮತ್ತು ಸಮಯವನ್ನು ಮೇಲಕ್ಕೆ ತಂದು ಚಿತ್ರವನ್ನು ಚಿಕ್ಕದಾಗಿಸಿದೆ. ಮುಂದೆ ಸಂದರ್ಶನದಲ್ಲಿ ನನ್ನನ್ನು ಬಹಳ ಹೊತ್ತು ಪ್ರಶ್ನಿಸಿದ್ದು ಕೈಬಿಟ್ಟ ಆ ಮೊದಲ ರೂಪದ ಬಗ್ಗೆಯೇ. ಆದ್ದರಿಂದ ನೀನೂ ನಿನ್ನ ಪುಟದ ಮೊದಲಿನ ಮತ್ತು ಬದಲಿಸಿದ ರೂಪಗಳನ್ನು ಅಕ್ಕಪಕ್ಕ ಇಟ್ಟು, ಏಕೆ ಬದಲಿಸಿದೆ ಎಂಬುದನ್ನು ಎರಡು ಮೂರು ವಾಕ್ಯಗಳಲ್ಲಿ ಬರೆ.

ಕೇಸ್ ಸ್ಟಡಿಯ ಆರಂಭದಲ್ಲಿಯೇ "ಇದು ನಾನಾಗಿ ಕೈಗೊಂಡ ಮಾದರಿ ಕೆಲಸ" ಎಂದು ಹೇಳಿಬಿಡು. ಮೆಸ್ಸನ್ನು ಗ್ರಾಹಕರೆಂದು ಕರೆಯಬಾರದು, ಆರ್ಡರ್ ಹೆಚ್ಚಿತೆಂದೂ ಬರೆಯಬಾರದು. ಐವರಲ್ಲಿ ಎಷ್ಟು ಮಂದಿಗೆ ಬೆಲೆ ತಕ್ಷಣ ಸಿಕ್ಕಿತು ಎಂಬುದು ನೀನೇ ಕಂಡದ್ದು, ಅದನ್ನು ಬರೆ.

ಇದನ್ನು ಗಿಟ್‌ಹಬ್ ಪೇಜಸ್‌ನಲ್ಲಿ ಹಣವಿಲ್ಲದೆ ಇಡಬಹುದು. ನಿನ್ನ ಬಳಕೆದಾರ ಹೆಸರಿಗೆ `.github.io` ಸೇರಿಸಿ, ಅದೇ ಹೆಸರಿನ ಸಾರ್ವಜನಿಕ ರೆಪೊಸಿಟರಿ ತೆರೆದು, ಮುಖಪುಟದ ಫೈಲಿಗೆ `index.html` ಎಂದೇ ಹೆಸರಿಡು. ಬದಲಾವಣೆ ಕಾಣಿಸಿಕೊಳ್ಳಲು ಹತ್ತು ನಿಮಿಷದವರೆಗೂ ಹಿಡಿಯಬಹುದು. ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಕಾಣುತ್ತಿದ್ದ ಚಿತ್ರ ಅಲ್ಲಿ ಮಾಯವಾದರೆ ಫೈಲ್ ಹೆಸರನ್ನು ನೋಡು: `Thali.JPG` ಮತ್ತು `thali.jpg` ವಿಂಡೋಸ್‌ಗೆ ಒಂದೇ, ಆದರೆ ಗಿಟ್‌ಹಬ್‌ಗೆ ಬೇರೆ ಬೇರೆ. ಎಲ್ಲ ಹೆಸರುಗಳನ್ನೂ ಸಣ್ಣ ಅಕ್ಷರಗಳಲ್ಲಿಟ್ಟರೆ ಈ ತೊಂದರೆ ಬಾರದು. ಕ್ಯಾಮೆರಾದಿಂದ ಬಂದ ಚಿತ್ರವನ್ನು ಹಾಗೆಯೇ ಹಾಕದೆ, ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ ಹಾಕು.

ಲಿಂಕ್ ಕಳುಹಿಸುವ ಮೊದಲು ಬೇರೆಯವರ ಫೋನಿನಲ್ಲಿ, ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಒಮ್ಮೆ ತೆರೆದು ನೋಡು. ನಂತರ ನನಗೂ ಕಳುಹಿಸು, ಭಾನುವಾರ ಚಿಕ್ಕಮ್ಮನ ಕೈಗೆ ಕೊಟ್ಟು ಡಬ್ಬಾದ ಬೆಲೆ ಕೇಳುತ್ತೇನೆ.