ಹಪ್ಪಳದ ಅಂಗಡಿ ಕ್ಯಾಪ್ಷನ್ನು ನಾವು ಮಾತಾಡಿದ ಹಾಗೆ ಬರೆಯೋದು ಹೆಂಗೆ?

ಶಿರಸಿಲಿ ನಂದೊಂದು ಸಣ್ಣ ಅಂಗಡಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ. ಇನ್‌ಸ್ಟಾಗ್ರಾಮಿಗೆ ಹಾಕಿದ್ದು ಇದು: "ಸವಿಯಿರಿ ಅಪ್ಪಟ ಮಲೆನಾಡ ಸ್ವಾದ! 100% ನೈಸರ್ಗಿಕ, ಅತ್ಯುತ್ತಮ ಗುಣಮಟ್ಟದ ಹಲಸಿನ ಹಪ್ಪಳ! ಇಂದೇ ಆರ್ಡರ್ ಮಾಡಿ!" ಲೈಕ್ ಬರ್ತದೆ, ಫೋನ್ ಬರಲ್ಲ. ನಾನೇ ಹೇಳಿದ ಹಾಗೆ ಇರಬೇಕು, ಹೆಂಗೆ ಬರೀಲಿ?

ಕುಮಟಾದಿಂದ
ಅಕ್ಕಾ, ಉದ್ದ ಮಾತ್ರ ಬರೀಬೇಡಿ, ಯಾರೂ ಓದಲ್ಲ. ಎರಡು ಸಾಲು, ರೇಟು, ನಂಬರು, ಮುಗೀತು.

ಯಲ್ಲಾಪುರದಿಂದ
ಅಂಗಡಿಗಳಿಗೆ ಬರೆದುಕೊಡೋದು ನನ್ನ ಕೆಲಸ. ನಿಮ್ಮ ಸಾಲಲ್ಲಿ ಹಪ್ಪಳ ತೆಗೆದು ಚಕ್ಕುಲಿ ಹಾಕಿ, ಬೇರೆ ಊರಿನ ಅಂಗಡಿ ಹೆಸರು ಹಾಕಿ, ಆಗ್ಲೂ ಸರಿಯಾಗೇ ಕೂರ್ತದೆ ನೋಡಿ, ತೊಂದ್ರೆ ಇರೋದು ಅಲ್ಲೇ. ಒಂದು ಕೆಲ್ಸ ಮಾಡಿ, ಮನೆಯವರ ಹತ್ರ ಗಿರಾಕಿ ತರ ಕೇಳೋಕೆ ಹೇಳಿ, "ಈ ಸಲದ್ದು ಹೆಂಗಿದೆ, ಏನೇನು ಹಾಕಿದೀರಿ, ಯಾಕೆ ಕೆಲವು ಕಪ್ಪಗಿದೆ" ಅಂತ, ನೀವು ಉತ್ತರ ಕೊಡೋದನ್ನ ಮೊಬೈಲಲ್ಲಿ ರೆಕಾರ್ಡ್ ಮಾಡಿ, ಎರಡು ನಿಮಿಷ ಸಾಕು, ಆಮೇಲೆ ಅದನ್ನ ಹಂಗೇ ಟೈಪ್ ಮಾಡಿ. ನೆಟ್ಟಗೆ ಬರೀಬೇಕು ಅಂತ ಕೂತ್ರೆ ಮತ್ತೆ "ಸವಿಯಿರಿ"ಯೇ ಬರ್ತದೆ, ಅಂಗಡಿಲಿ ನಿಂತು ಯಾರಿಗಾದ್ರೂ "ಸವಿಯಿರಿ" ಅಂತೀರಾ ನೀವು?

ಇನ್ನು ಹೊಗಳಿಕೆ ಪದಗಳು. ಒಂದೊಂದಕ್ಕೂ "ಯಾಕೆ ಹಂಗಂತೀರಿ" ಅಂತ ನಿಮ್ಮನ್ನೇ ಕೇಳ್ಕೊಳ್ಳಿ. ಉತ್ತರ ಇದ್ರೆ ಆ ಉತ್ತರ ಬರೀರಿ, ಪದ ಬಿಡಿ. ಉತ್ತರ ಇಲ್ದಿದ್ರೆ ಎರಡೂ ಬಿಡಿ. "100%" ಅಂತೂ ತೆಗೀರಿ, ತಿನ್ನೋ ಸಾಮಾನಿನ ಲೇಬಲ್ಲು, ಜಾಹೀರಾತಲ್ಲಿ ಅದನ್ನ ಹಾಕಬೇಡಿ ಅಂತ ಎಫ್‌ಎಸ್‌ಎಸ್‌ಎಐ 2025ರಲ್ಲಿ ಸೂಚನೆ ಕೊಟ್ಟಿದೆ. ಏನು ಹಾಕಿದೀರಿ ಅಂತ ಹೆಸರಿಟ್ಟು ಹೇಳಿದ್ರೆ ಅದರ ಅಗತ್ಯನೂ ಇಲ್ಲ.

ಸಿದ್ದಾಪುರದಿಂದ
ಪೂರ್ತಿ ನಮ್ಮ ಹವಿಗನ್ನಡದಲ್ಲೇ ಬರೀರಿ, ಅದೇ ಒರಿಜಿನಲ್.

ಯಲ್ಲಾಪುರದಿಂದ
ಊರವರಿಗೆ ಖುಷಿ ಆಗ್ತದೆ, ನಿಜ. ಆದ್ರೆ ತರಿಸಿಕೊಳ್ಳೋರು ಬೆಂಗಳೂರು, ಹುಬ್ಬಳ್ಳಿಯೋರು, ಎರಡನೇ ಸಾಲಿಗೇ ಬಿಟ್ಟು ಹೋಗ್ತಾರೆ. "ಸೊಳೆ" ತರದ ಪದ ಒಂದೆರಡು ಇರ್ಲಿ, ಸುತ್ತ ಇರೋ ಮಾತಲ್ಲಿ ಅರ್ಥ ಗೊತ್ತಾಗ್ತದೆ.

ಅಂಕೋಲಾದಿಂದ
ನಂದು ಒಣಮೀನು. "ಫ್ರೆಶ್, ಬೆಸ್ಟ್ ಕ್ವಾಲಿಟಿ" ಅಂತ ಹಾಕ್ತಿದ್ದೆ, ಒಣಮೀನಿಗೆ ಫ್ರೆಶ್ ಅಂತ ಬರ್ದದ್ದು ನಂಗೇ ಹೊಳೀಲಿಲ್ಲ. ಒಂದ್ಸಲ ಬಂಗಡೆಗೆ "ಈ ಸಲ ಉಪ್ಪು ಸ್ವಲ್ಪ ಮುಂದೆ ಹೋಗಿದೆ, ಅರ್ಧ ಗಂಟೆ ನೀರಲ್ಲಿ ನೆನೆಸಿ ಮಾಡಿ" ಅಂತ ಬರ್ದೆ, ಹೆದರಿಕೆ ಇತ್ತು, ಆದ್ರೆ ಅವತ್ತೇ ಹಳೇ ಗಿರಾಕಿಗಳು ಮೆಸೇಜ್ ಮಾಡಿ ತಗೊಂಡ್ರು. ಅಂದಹಾಗೆ ಕೊರಿಯರಲ್ಲಿ ಹಪ್ಪಳ ಮುರೀದ ಹಾಗೆ ಹೆಂಗೆ ಕಳಿಸ್ತೀರಿ?

ಕೇಳಿದವರು
ಹಪ್ಪಳ ರಟ್ಟಿನ ಡಬ್ಬಿಲಿ ಪೇಪರ್ ತುಂಬಿ ಕಳಿಸ್ತೇನೆ ತಂಗಿ. ರೆಕಾರ್ಡ್ ಮಾಡಿ ಬರ್ದೆ, ನೋಡಿ:

"ಈ ಸಲದ ಹಲಸಿನ ಹಪ್ಪಳ ನಿನ್ನೆ ಒಣಗಿ ಡಬ್ಬಿಗೆ ಬಂತು, ಒಟ್ಟು 60 ಕಟ್ಟು. ಬಲಿತ ಕಾಯಿ ಸೊಳೆ ಬೇಯಿಸಿ ಕುಟ್ಟಿ, ಉಪ್ಪು, ಮೆಣಸು, ಜೀರಿಗೆ ಹಾಕಿದ್ದು, ಅಷ್ಟೇ. ಮಧ್ಯ ಎರಡು ದಿನ ಮೋಡ ಕಟ್ಟಿ ಬಿಸಿಲು ಸಿಗ್ಲಿಲ್ಲ, ಕೆಲವು ಸ್ವಲ್ಪ ಕಪ್ಪಾಗಿದೆ, ಕರಿದು ತಿಂದು ನೋಡಿದ್ವಿ, ರುಚಿ ಹೋಗ್ಲಿಲ್ಲ. ಎಣ್ಣೆ ಚೆನ್ನಾಗಿ ಕಾದ ಮೇಲೆ ಹಾಕಿ ಬೇಗ ತೆಗೀರಿ, ಬಿಟ್ರೆ ಸೀದು ಕಹಿ ಆಗ್ತದೆ. ಬೇಕಾದ್ರೆ ವಾಟ್ಸಾಪ್ ಮಾಡಿ, 1ರಿಂದ 3 ಊಟದ ಹೊತ್ತು, ಫೋನ್ ಎತ್ತಲ್ಲ."

ಯಲ್ಲಾಪುರದಿಂದ
ಇದನ್ನ ಬೇರೆಯವರು ಕದ್ದು ಹಾಕೋಕಾಗಲ್ಲ ಅಕ್ಕಾ, ಮೋಡ ಕಟ್ಟಿದ್ದು ನಿಮ್ಮ ಅಂಗಳದಲ್ಲಿ. ಉದ್ದದ ಬಗ್ಗೆ ಕುಮಟಾದವರು ಹೇಳಿದ್ರಲ್ಲಿ ಒಂದು ನಿಜ ಇದೆ, ಇನ್‌ಸ್ಟಾಗ್ರಾಮಲ್ಲಿ ಮೊದ್ಲ ಸುಮಾರು 125 ಅಕ್ಷರ ಕಾಣ್ತದೆ, ಉಳಿದದ್ದು `more` ಒತ್ತಿದ್ರೆ ಮಾತ್ರ. ಹಾಗಾಗಿ ಮೊದ್ಲ ಸಾಲು ಮುಖ್ಯ, ನಿಮ್ಮದು ಸರಿಯಾಗೇ ಕೂತಿದೆ, ಏನು ಬಂತು, ಎಷ್ಟಿದೆ ಅಂತ ಅಲ್ಲೇ ಗೊತ್ತಾಗ್ತದೆ. ಮುಂದೆ ಓದೋದು ತಗೊಳ್ಳೋ ಮನಸ್ಸಿದ್ದವರೇ, ಅವರಿಗೆ ಐದು ಸಾಲು ಹೆಚ್ಚಲ್ಲ. ಒಂದೇ ಎಚ್ಚರ, 60 ಅನ್ನೋದು ನಿಜ ಇದ್ರೆ ಮಾತ್ರ ಹಾಕಿ, ಖಾಲಿ ಆದ ದಿನ ಕ್ಯಾಪ್ಷನ್ ತಿದ್ದಿ "ಮುಗೀತು" ಅಂತ ಬರೀರಿ. ಮುಂದಿನ ಸಲಕ್ಕೆ ಇದನ್ನೇ ಕಾಪಿ ಮಾಡ್ಬೇಡಿ, ಎರಡು ಸಲ ಅದೇ ಮೋಡ ಬಂದ್ರೆ ಜನಕ್ಕೆ ಗೊತ್ತಾಗ್ತದೆ.

ಕುಮಟಾದಿಂದ
ರೇಟು ಹಾಕ್ಲೇ ಇಲ್ವಲ್ಲ. ರೇಟ್ ಇಲ್ದಿದ್ರೆ ನಾನು ಫೋನೇ ಮಾಡಲ್ಲ.

ಅಂಕೋಲಾದಿಂದ
ನಾನು ಹಾಕಲ್ಲ, ಮೀನಿಗೆ ವಾರ ವಾರ ರೇಟ್ ಬದಲಾಗ್ತದೆ, ಹಳೇ ಪೋಸ್ಟ್ ಹಿಡ್ಕೊಂಡು ಜಗಳಕ್ಕೆ ಬರ್ತಾರೆ.

ಕೇಳಿದವರು
ಹಪ್ಪಳಕ್ಕೆ ಸೀಸನ್ ಪೂರ್ತಿ ಒಂದೇ ರೇಟು, ಹಾಕಿ ನೋಡ್ತೇನೆ. ಮಿಡಿ ಉಪ್ಪಿನಕಾಯಿಗೆ ಏನು ಮಾಡ್ಲಿ ಇನ್ನೂ ಗೊತ್ತಾಗ್ಲಿಲ್ಲ, ಅಪ್ಪೆಮಿಡಿ ವರ್ಷ ವರ್ಷ ಒಂದೊಂದು ರೇಟಿಗೆ ಸಿಗ್ತದೆ.