ಚರ್ಚೆ ಅಧ್ಯಾಯದಲ್ಲಿ ಮತ್ತೆ ಅದೇ ಫಲಿತಾಂಶ!

ತುಮಕೂರಿನಿಂದ, ಹೊಸ ಗೈಡ್: ಕೋಲಾರದ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ಒಂದು ಥೀಸಿಸ್ ಓದುತ್ತಿದ್ದೇನೆ. ಚರ್ಚೆಯ ಐದನೇ ಅಧ್ಯಾಯ ಓದಿದರೆ ಫಲಿತಾಂಶದ ನಾಲ್ಕನೇ ಅಧ್ಯಾಯವನ್ನೇ ಮತ್ತೆ ಓದಿದ ಹಾಗಿದೆ. ಹಿಂದಿನ ಅಧ್ಯಯನಗಳಿಗೆ ನಿಜವಾಗಿ ಜೋಡಿಸಿದ್ದಾರಾ ಅಂತ ಹೇಗೆ ಅಳೆಯುವುದು?

ಚಿಕ್ಕಬಳ್ಳಾಪುರದ ಮೇಷ್ಟ್ರು: ಸುಲಭ. ಪ್ರತಿ ಪ್ಯಾರಾದಲ್ಲಿ ಎರಡು ಮೂರು ಅಧ್ಯಯನಗಳ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ವಾಪಸ್ ಕಳಿಸಿ. ಅಂಕಿ ಒಂದೂ ಇರಬಾರದು.

ಕೋಲಾರದ ಭೂವಿಜ್ಞಾನ ಮೇಡಂ: ಹೆಸರು ಬೇಕು ಸರ್, ಆದರೆ ಹೆಸರು ಎಣಿಸಿದರೆ ಮೋಸ ಹೋಗುತ್ತೀರಿ. ನನ್ನ ವಿದ್ಯಾರ್ಥಿಯೊಬ್ಬ ಹೀಗೆ ಬರೆದಿದ್ದ: "ಆಳದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ ಇದೆ (ಕೋಷ್ಟಕ 4.3). ಫ್ಲೋರೈಡ್ ಬಗ್ಗೆ ಹಲವರು ಅಧ್ಯಯನ ಮಾಡಿದ್ದಾರೆ." ಆಮೇಲೆ ಸಾಲಾಗಿ ಐದು ಹೆಸರು. ನಾನು ಮೊದಲ ವಾಕ್ಯದ "ಜಾಸ್ತಿ"ಯನ್ನು "ಕಡಿಮೆ" ಅಂತ ತಿದ್ದಿ ಮತ್ತೆ ಓದಿದೆ. ಎರಡನೇ ವಾಕ್ಯ ಅಲುಗಾಡಲೇ ಇಲ್ಲ! ಫಲಿತಾಂಶ ತಲೆಕೆಳಗಾದರೂ ನಿಲ್ಲುವ ಮಾತು ಜೋಡಣೆ ಅಲ್ಲ, ಅಲಂಕಾರ.

ತಿದ್ದಿಸಿದ ಮೇಲೆ ಹೀಗಾಯಿತು: ಗ್ರಾನೈಟ್ ಸೀಮೆಯ ಹಿಂದಿನ ಅಧ್ಯಯನಗಳು ಆಳದ ನೀರು ಬಂಡೆಯ ಜೊತೆ ಬಹಳ ಕಾಲ ಇರುವುದರಿಂದ ಫ್ಲೋರೈಡ್ ಏರುತ್ತದೆ ಎನ್ನುತ್ತವೆ. ಅದು ನಿಜವಾದರೆ ಆ ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ ಇರಬೇಕು. ತನ್ನ ಮಾದರಿಗಳಲ್ಲಿ ಹಾಗೇ ಇದೆಯಾ ಅಂತ ಅವನು ನೋಡಿದ. ಬಹುತೇಕ ಇತ್ತು. ಕೆರೆ ಪಕ್ಕದ ಕೆಲವು ಬಾವಿಗಳಲ್ಲಿ ಇರಲಿಲ್ಲ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಬರುವ ಸಂಸ್ಕರಿಸಿದ ನೀರು ತುಂಬಿದ ಕೆರೆಗಳು ಅವು. ಹೊಸ ನೀರು ಇಂಗಿ ಬೆರೆತಿರಬಹುದು ಅಂತ ಬರೆದ. "ಬಹುದು" ಅಂತ ಬಿಟ್ಟದ್ದೂ ಸರಿಯೇ. ಕೆರೆ ತುಂಬುವ ಮುಂಚಿನ ಮಾದರಿ ಅವನ ಬಳಿ ಇರಲಿಲ್ಲ.

ಶಿಡ್ಲಘಟ್ಟದಿಂದ ಪಿಎಚ್‌.ಡಿ. ವಿದ್ಯಾರ್ಥಿನಿ: ನನ್ನದು ಹೋಲಿಕೆ 9% ಬಂತು, 10% ಒಳಗಿದೆ. ಪಾಸಾ?

ಕೋಲಾರದ ಮೇಡಂ: ಅದು ಕದ್ದಿದ್ದೀರಾ ಅಂತ ನೋಡುವ ಲೆಕ್ಕ ಕಣಮ್ಮ. ಸ್ವಂತ ಫಲಿತಾಂಶವನ್ನೇ ಬೇರೆ ಮಾತಿನಲ್ಲಿ ಎರಡು ಸಲ ಬರೆದರೆ ಅದಕ್ಕೆ ಗೊತ್ತಾಗಲ್ಲ.

ಹೊಸ ಗೈಡ್‌ಗೆ ಇನ್ನೊಂದು ಮಾತು. "ನಮ್ಮ ಫಲಿತಾಂಶ ಇಂಥವರ ಅಧ್ಯಯನಕ್ಕೆ ಹೊಂದುತ್ತದೆ" ಅಂತ ಕಂಡ ಕಡೆ ಆ ಮೂಲ ಲೇಖನ ತೆಗೆದು ನೋಡಿ. ಅವರು ಮಳೆಗಾಲದ ನಂತರ ನೀರು ತೆಗೆದು, ಇವರು ಏಪ್ರಿಲ್‌ನಲ್ಲಿ ತೆಗೆದಿದ್ದರೆ, ಆ ವ್ಯತ್ಯಾಸ ಹೇಳದೆ ಹೊಂದುತ್ತದೆ ಅನ್ನುವ ಹಾಗಿಲ್ಲ.

ಚಿಕ್ಕಬಳ್ಳಾಪುರದ ಮೇಷ್ಟ್ರು: ಹೆಸರಿನ ವಿಷಯ ಒಪ್ಪಿದೆ. ಆದರೂ ಅಂಕಿ ಬೇಡ ಅಂತಲೇ ನನ್ನ ವಾದ.

ಕೋಲಾರದ ಮೇಡಂ: ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿತು ಅನ್ನುವುದಕ್ಕಾದರೂ ಒಂದು ಅಂಕಿ ಬೇಕಲ್ವಾ ಸರ್?

ಹೊಸ ಗೈಡ್: ಮೊದಲ ಮೂರು ಪುಟದಲ್ಲಿ ಫಲಿತಾಂಶಗಳನ್ನು ತಲೆಕೆಳಗು ಮಾಡಿ ಓದಿದೆ. ಅಲುಗಾಡಿದ್ದು ಎರಡೇ ವಾಕ್ಯ.