ಪಾರ್ಸೆಲ್ ತಲುಪಿಲ್ಲ, 25 ರೂಪಾಯಿ ಕಟ್ಟಿ ಅಂತ ಇಮೇಲ್: ಅಸಲಿಯೋ ನಕಲಿಯೋ?

ತೀರ್ಥಹಳ್ಳಿ ಟೀಚರ್ ಕೇಳಿದ್ದು

ಇಂಡಿಯಾ ಪೋಸ್ಟ್ ಹೆಸರಿನಲ್ಲಿ ಒಂದು ಇಮೇಲ್ ಬಂದಿದೆ. ಎರಡು ಸಲ ಮನೆಗೆ ಬಂದಿದ್ದರಂತೆ, ವಿಳಾಸ ಅರ್ಧಂಬರ್ಧ ಇತ್ತಂತೆ. 48 ಗಂಟೆಯೊಳಗೆ ವಿಳಾಸ ಸರಿ ಮಾಡಿ 25 ರೂಪಾಯಿ ಕಟ್ಟದಿದ್ದರೆ ಪಾರ್ಸೆಲ್ ವಾಪಸ್ ಹೋಗುತ್ತದಂತೆ. ಟ್ರ್ಯಾಕಿಂಗ್ ನಂಬರ್ EK731508246IN ಅಂತ ಕೊಟ್ಟಿದ್ದಾರೆ. ಪುಣೆಯಿಂದ ನನ್ನ ತಂಗಿ ಸ್ಪೀಡ್ ಪೋಸ್ಟಿನಲ್ಲಿ ಏನೋ ಕಳಿಸಿದ್ದಾಳೆ, ಅದಿನ್ನೂ ಬಂದಿಲ್ಲ. ಹಾಗಾಗಿ ಪೂರ್ತಿ ಸುಳ್ಳು ಅನ್ನೋಕೂ ಆಗುತ್ತಿಲ್ಲ. 25 ರೂಪಾಯಿ ತಾನೇ, ಕಟ್ಟಿಬಿಡಲಾ?

ಕೋಡ್ ಕುಮಾರ

ಸುಲಭ ಸರ್. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆಯಿರಿ, ಆ ಮೇಲ್‌ನ ಬಲಗಡೆ ಮೂರು ಚುಕ್ಕಿ ಇರುತ್ತಲ್ಲ, ಅದನ್ನು ಒತ್ತಿದರೆ Show original ಅಂತ ಬರುತ್ತದೆ. ಅಲ್ಲಿ SPF, DKIM, DMARC ಮೂರೂ PASS ಇದ್ದರೆ ಮೇಲ್ ಅಸಲಿ, FAIL ಇದ್ದರೆ ನಕಲಿ. ಇಲ್ಲಿ ಕಾಪಿ ಮಾಡಿ ಹಾಕಿ, ನೋಡೋಣ.

ತೀರ್ಥಹಳ್ಳಿ ಟೀಚರ್

ಹಾಕಿದ್ದೇನೆ ನೋಡಿ. ಮೂರೂ PASS ಇದೆ. ಹಾಗಾದರೆ ಕಟ್ಟಬಹುದು ಅಲ್ವಾ?

```
From: "India Post" <notice@parcel-desk.example>
SPF:   PASS
DKIM:  PASS with domain parcel-desk.example
DMARC: PASS
```

ಕಾರ್ಡ್ ಡೆಸ್ಕ್ ಅಕ್ಕ (ಬ್ಯಾಂಕಿನಲ್ಲಿ ಕಾರ್ಡ್ ವಂಚನೆ ದೂರುಗಳನ್ನು ನೋಡುವ ವಿಭಾಗ)

ಬೇಡ, ಒಂದು ನಿಮಿಷ ತಾಳಿ ಸರ್.

ಕುಮಾರ್ ಹೇಳಿದ್ದು ಅರ್ಧ ಸರಿ. FAIL ಬಂದರೆ ಅನುಮಾನ ಪಡಬೇಕು, ನಿಜ. ಆದರೆ PASS ಬಂದಿದೆ ಅಂದರೆ ಈ ಮೇಲ್ parcel-desk.example ಅನ್ನುವ ವಿಳಾಸದಿಂದಲೇ ಬಂದಿದೆ ಅಂತ ಮಾತ್ರ ಅರ್ಥ. ಆ ವಿಳಾಸ ಯಾರದು ಅಂತ ಅದು ಹೇಳುವುದಿಲ್ಲ. ಮೋಸಗಾರರು ದುಡ್ಡು ಕೊಟ್ಟು ತಮ್ಮದೇ ಡೊಮೇನ್ ಕೊಳ್ಳುತ್ತಾರೆ, ಅದಕ್ಕೆ ಬೇಕಾದ ಸೆಟ್ಟಿಂಗ್ ಎಲ್ಲ ಸರಿಯಾಗಿಯೇ ಮಾಡುತ್ತಾರೆ, ಆಮೇಲೆ ಕಳಿಸುವವರ ಹೆಸರಿನ ಜಾಗದಲ್ಲಿ "India Post" ಅಂತ ಬರೆಯುತ್ತಾರೆ. ಹೆಸರಿನ ಜಾಗದಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ನೀವು ಹಾಕಿದ ಸಾಲುಗಳಲ್ಲಿ ನೋಡಬೇಕಾಗಿದ್ದು PASS ಅನ್ನುವುದನ್ನಲ್ಲ, ಅದರ ಪಕ್ಕದಲ್ಲಿರುವ ಡೊಮೇನ್ ಹೆಸರನ್ನು. ಅಂಚೆ ಇಲಾಖೆಯ ವೆಬ್‌ಸೈಟ್ indiapost.gov.in. ನಿಮ್ಮ ಮೇಲ್‌ನಲ್ಲಿ ಅದು ಎಲ್ಲೂ ಇಲ್ಲ.

ಈಗ ಮೇಲ್‌ನಲ್ಲಿರುವ ಬಟನ್ ನೋಡಿ. ಒತ್ತಬೇಡಿ. ಫೋನಾದರೆ ಅದರ ಮೇಲೆ ಬೆರಳು ಹಿಡಿದುಕೊಂಡಿರಿ, ಕಂಪ್ಯೂಟರಾದರೆ ಮೌಸ್ ಬಾಣ ಅದರ ಮೇಲಿಟ್ಟು ಸುಮ್ನಿರಿ. ಲಿಂಕ್ ಎಲ್ಲಿಗೆ ಹೋಗುತ್ತದೆ ಅಂತ ಕಾಣುತ್ತದೆ. ಅದನ್ನು ಇಲ್ಲಿ ಬರೆಯಿರಿ.

ತೀರ್ಥಹಳ್ಳಿ ಟೀಚರ್

ಹೀಗಿದೆ ಮೇಡಂ. ಇದರಲ್ಲಿ indiapost.gov.in ಇದೆಯಲ್ಲ?

```
https://indiapost.gov.in.parcel-desk.example/pay
```

ಕಾರ್ಡ್ ಡೆಸ್ಕ್ ಅಕ್ಕ

ಇದೆ, ನಿಮಗೆ ಕಾಣಲಿ ಅಂತಲೇ ಇಟ್ಟಿದ್ದಾರೆ. https:// ಆದ ಮೇಲೆ ಮೊದಲು ಬರುವ ಒಂಟಿ ಓರೆಗೆರೆ ಎಲ್ಲಿದೆ ನೋಡಿ, ಇಲ್ಲಿ pay ಅನ್ನುವುದರ ಮುಂಚೆ ಇದೆ. ಅಲ್ಲಿಂದ ಎಡಕ್ಕೆ ಓದಿಕೊಂಡು ಬನ್ನಿ. ಮೊದಲು ಸಿಗುವುದು parcel-desk.example, ಅದೇ ಆ ಜಾಗದ ಯಜಮಾನ. ಅದಕ್ಕಿಂತ ಎಡಗಡೆ ಏನು ಬರೆದುಕೊಳ್ಳಬೇಕು ಅನ್ನುವುದು ಆ ಯಜಮಾನನ ಇಷ್ಟ. ನಿಮ್ಮ ಹೆಸರನ್ನು ಬೇಕಾದರೂ ಸೇರಿಸಿಕೊಳ್ಳಬಹುದು. ಬ್ರೌಸರಿನಲ್ಲಿ ಬೀಗದ ಚಿತ್ರ ಬಂತು ಅಂತಲೂ ನಂಬಬೇಡಿ, ನಕಲಿ ಸೈಟಿಗೂ ಅದು ಪುಕ್ಕಟೆ ಸಿಗುತ್ತದೆ.

ಕೋಡ್ ಕುಮಾರ

ಒಪ್ಪಿದೆ ಅಕ್ಕ. ಆದರೆ ಅಸಲಿ ಕಂಪನಿಗಳೂ ಬೇರೆಯವರ ಮೂಲಕ ಮೇಲ್ ಕಳಿಸುತ್ತವೆ. ಅವರ ಲಿಂಕೂ ಒಂದೊಂದು ಸಲ ಯಾವುದೋ ಬೇರೆ ಡೊಮೇನಿಗೆ ಹೋಗಿ ಆಮೇಲೆ ಅಸಲಿ ಸೈಟಿಗೆ ಬರುತ್ತದೆ. ಡೊಮೇನ್ ಬೇರೆ ಇದೆ ಅಂದ ತಕ್ಷಣ ಮೋಸ ಅನ್ನೋಕಾಗಲ್ಲ.

ಕಾರ್ಡ್ ಡೆಸ್ಕ್ ಅಕ್ಕ

ಅದೂ ನಿಜ. ಅದಕ್ಕೇ ಮೇಲ್ ನೋಡಿಕೊಂಡು ತೀರ್ಮಾನ ಮಾಡುವ ಗೋಜಿಗೇ ಹೋಗಬೇಡಿ ಅಂತ ನಾನು ಹೇಳುವುದು. ಪಾರ್ಸೆಲ್ ಕಳಿಸಿದವರ ಹತ್ತಿರ ರಸೀದಿ ಇರುತ್ತದೆ. ಆ ನಂಬರ್ ತರಿಸಿಕೊಂಡು, ವೆಬ್‌ಸೈಟ್ ವಿಳಾಸವನ್ನು ನೀವೇ ಟೈಪ್ ಮಾಡಿ ಹುಡುಕಿ. ಮೇಲ್‌ನಿಂದ ಏನನ್ನೂ ಎತ್ತಿಕೊಳ್ಳಬೇಡಿ, ನಂಬರನ್ನೂ.

ಅಂಚೆ ಮನೆ ಮಾವ

ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತವನು. ಆ ನಂಬರೇ ಸರಿಯಿಲ್ಲ ಮೇಷ್ಟ್ರೇ.

ನೋಡೋಕೆ ಸರಿಯಾಗಿಯೇ ಇದೆ. ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ IN. ಆದರೆ ಆ ಒಂಬತ್ತನೇ ಅಂಕಿ ಸುಮ್ನೆ ಬರುವುದಲ್ಲ, ಮೊದಲ ಎಂಟು ಅಂಕಿಗಳಿಂದ ಲೆಕ್ಕ ಹಾಕಿ ತೆಗೆಯುವುದು. ಲೋಕದ ಅಂಚೆಯವರೆಲ್ಲ ಒಪ್ಪಿಕೊಂಡಿರುವ ಲೆಕ್ಕ ಅದು. ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7 ರಿಂದ ಗುಣಿಸಿ ಎಲ್ಲವನ್ನೂ ಕೂಡಬೇಕು. ನಿಮ್ಮದರಲ್ಲಿ:

```
7  3  1  5  0  8  2  4
8  6  4  2  3  5  9  7
56+18+4+10+0+40+18+28 = 174
```

174ನ್ನು 11ರಿಂದ ಭಾಗಿಸಿದರೆ 9 ಉಳಿಯುತ್ತದೆ. 11ರಲ್ಲಿ 9 ಕಳೆದರೆ 2. ಒಂಬತ್ತನೇ ಅಂಕಿ 2 ಇರಬೇಕಿತ್ತು, ನಿಮಗೆ ಬಂದಿರುವುದರಲ್ಲಿ 6 ಇದೆ. ಅಂದರೆ ಯಾರೋ ಬಾಯಿಗೆ ಬಂದ ಅಂಕಿ ಹಾಕಿದ್ದಾರೆ. (ಕಳೆದಾಗ 10 ಬಂದರೆ 0 ಅಂತಲೂ, 11 ಬಂದರೆ 5 ಅಂತಲೂ ಹಾಕುತ್ತೇವೆ. ಯಾರಾದರೂ ತಮ್ಮ ಹಳೇ ರಸೀದಿ ಇಟ್ಟುಕೊಂಡು ಲೆಕ್ಕ ಮಾಡಿ ನೋಡುತ್ತೀರಿ ಅಂತ ಗೊತ್ತು, ಅದಕ್ಕೇ ಹೇಳಿದೆ.)

ಆದರೆ ಲೆಕ್ಕ ಸರಿ ಹೋಯಿತು ಅಂತ ಮೇಲ್ ಅಸಲಿ ಆಗುವುದಿಲ್ಲ. ಬೇರೆ ಯಾರದೋ ನಿಜವಾದ ನಂಬರನ್ನೂ ಹಾಕಬಹುದಲ್ಲ.

ಇನ್ನೊಂದು ಮಾತು. ಬಾಗಿಲು ಹಾಕಿತ್ತು, ವಿಳಾಸ ಸಿಗಲಿಲ್ಲ ಅಂತ ಮತ್ತೆ ತರುವುದಕ್ಕೆ ಅಂಚೆಯವರು ಆನ್‌ಲೈನಿನಲ್ಲಿ ಕಾಸು ಕೇಳುವುದಿಲ್ಲ. ಚೀಟಿ ಬಿಡುತ್ತಾರೆ, ಕೆಲವು ದಿನ ಕಚೇರಿಯಲ್ಲಿ ಇಟ್ಟುಕೊಂಡಿರುತ್ತಾರೆ, ನೀವು ಗುರುತಿನ ಚೀಟಿ ತೋರಿಸಿ ತೆಗೆದುಕೊಂಡು ಹೋಗಬಹುದು. ಅದೂ ಅಲ್ಲದೆ ನಿಮ್ಮ ಇಮೇಲ್ ವಿಳಾಸ ನಮಗೆ ಎಲ್ಲಿಂದ ಬರಬೇಕು? ನಿಮ್ಮ ತಂಗಿ ಪಾರ್ಸೆಲ್ ಮೇಲೆ ಬರೆದಿರುವುದು ಮನೆ ವಿಳಾಸ, ಜಾಸ್ತಿ ಅಂದರೆ ಫೋನ್ ನಂಬರ್.

ತೀರ್ಥಹಳ್ಳಿ ಟೀಚರ್

ತಂಗಿ ರಸೀದಿಯ ಫೋಟೋ ಕಳಿಸಿದಳು. ನಂಬರ್ ಬೇರೆಯೇ ಇದೆ. ಸೈಟಿನಲ್ಲಿ ನಾನೇ ಹಾಕಿ ನೋಡಿದೆ, ಪಾರ್ಸೆಲ್ ಇನ್ನೂ ಬೆಂಗಳೂರನ್ನೇ ಬಿಟ್ಟಿಲ್ಲ. ಮನೆಗೆ ಎರಡು ಸಲ ಬಂದಿದ್ದು ಯಾರೋ!

ಆದರೂ ಒಂದು ಅರ್ಥ ಆಗಲಿಲ್ಲ. 25 ರೂಪಾಯಿಗೆ ಇಷ್ಟೆಲ್ಲ ಕಷ್ಟ ಪಡುತ್ತಾರಾ?

ಕಾರ್ಡ್ ಡೆಸ್ಕ್ ಅಕ್ಕ

25 ರೂಪಾಯಿ ಯಾರಿಗೂ ಬೇಡ. ಅಷ್ಟು ಚಿಲ್ಲರೆ ಮೊತ್ತಕ್ಕೆ ಜನ ಯೋಚನೆ ಮಾಡದೆ ಕಾರ್ಡ್ ತೆಗೆಯುತ್ತಾರೆ, ಅಷ್ಟಕ್ಕೇ ಅದು ಇರುವುದು. ನೀವು ಆ ಪುಟದಲ್ಲಿ ಕಾರ್ಡ್ ನಂಬರ್, ಅವಧಿ, ಹಿಂಬದಿಯ ಮೂರು ಅಂಕಿ ತುಂಬುತ್ತಿರುವಾಗಲೇ ಆ ಕಡೆ ಕೂತವನು ಅದೇ ವಿವರವನ್ನು ಬೇರೆ ಅಂಗಡಿಯ ಸೈಟಿನಲ್ಲಿ ಹಾಕುತ್ತಾನೆ. ಒಟಿಪಿ ಬರುವುದು ಅವನ ಖರೀದಿಗೆ. ಈ 25 ರೂಪಾಯಿ ಪುಟದಲ್ಲಿ ಒಟಿಪಿ ಕೇಳುವ ಖಾನೆ ಕಾಣುತ್ತದೆ, ನೀವು ತುಂಬುತ್ತೀರಿ.

ಹಾಗಾಗಿ ಒಟಿಪಿ ಮೆಸೇಜಿನಲ್ಲಿ ಆರು ಅಂಕಿ ಮಾತ್ರ ಓದಿ ಮುಚ್ಚಬೇಡಿ. ಎಷ್ಟು ಮೊತ್ತ, ಯಾರಿಗೆ ಅಂತ ಅದೇ ಮೆಸೇಜಿನಲ್ಲಿ ಇರುತ್ತದೆ. ಪುಟದಲ್ಲಿ 25, ಮೆಸೇಜಿನಲ್ಲಿ 38,000 ಇದ್ದರೆ ಅಲ್ಲಿಗೇ ನಿಲ್ಲಿಸಿ.

ಲೆಸ್ಟರ್ ಕನ್ನಡತಿ

ನಾನು ಇಂಗ್ಲೆಂಡಿನಲ್ಲಿರುವುದು. ಇಲ್ಲಿ ರಾಯಲ್ ಮೇಲ್‌ನವರು ನಿಜವಾಗಿಯೂ ದುಡ್ಡು ಕೇಳುತ್ತಾರಪ್ಪ. ಅಮ್ಮ ಕಳಿಸಿದ ಪಾರ್ಸೆಲ್ಲಿಗೆ ಕಸ್ಟಮ್ಸ್ ಕಟ್ಟಿಯೇ ಬಿಡಿಸಿಕೊಂಡಿದ್ದೇನೆ. ಎಲ್ಲವೂ ಮೋಸ ಅಂದರೆ ಹೇಗೆ?

ಕಾರ್ಡ್ ಡೆಸ್ಕ್ ಅಕ್ಕ

ಎಲ್ಲವೂ ಅಂದಿಲ್ಲ. ನಿಮಗೆ ಬೂದು ಬಣ್ಣದ ಕಾರ್ಡ್ ಬಾಗಿಲಿಗೆ ಬಂದಿತ್ತು ತಾನೇ?

ಲೆಸ್ಟರ್ ಕನ್ನಡತಿ

ಹೌದು, ಬಾಗಿಲ ಸಂದಿಯಿಂದ ಹಾಕಿದ್ದರು. ಅದರಲ್ಲಿದ್ದ ನಂಬರ್ ಹಾಕಿಯೇ ಕಟ್ಟಿದ್ದು.

ಕಾರ್ಡ್ ಡೆಸ್ಕ್ ಅಕ್ಕ

ಅದೇ ವ್ಯತ್ಯಾಸ. ಕಸ್ಟಮ್ಸ್ ಬಾಕಿ ಇದ್ದರೆ ಇಮೇಲ್, ಮೆಸೇಜ್ ಬರಬಹುದು, ಆದರೆ ಆ ಕಾರ್ಡೂ ಬಂದೇ ಬರುತ್ತದೆ ಅಂತ ರಾಯಲ್ ಮೇಲ್‌ನವರೇ ಹೇಳುತ್ತಾರೆ. ಮನೆಯಲ್ಲಿ ಯಾರೂ ಇರಲಿಲ್ಲ ಅಂತ ಮತ್ತೊಮ್ಮೆ ತಂದುಕೊಡುವುದಕ್ಕೆ ಅಲ್ಲೂ ದುಡ್ಡಿಲ್ಲ.

ನಮ್ಮಲ್ಲಿ ಕಷ್ಟ ಇರುವುದು ವಿದೇಶದಿಂದ ಡಿಎಚ್‌ಎಲ್, ಫೆಡೆಕ್ಸ್ ಮೂಲಕ ಬರುವ ಪಾರ್ಸೆಲ್ಲುಗಳಲ್ಲಿ. ಅವರು ಸುಂಕ ಕಟ್ಟಿ, ಕೆವೈಸಿ ಕೊಡಿ ಅಂತ ನಿಜವಾಗಿಯೂ ಮೇಲ್ ಕಳಿಸುತ್ತಾರೆ. ನಕಲಿ ಮೇಲ್ ಅದರದೇ ಪ್ರತಿ, ಬರೀ ಕಣ್ಣಿನಲ್ಲಿ ಬೇರ್ಪಡಿಸೋಕೆ ನನಗೂ ಎಷ್ಟೋ ಸಲ ಆಗುವುದಿಲ್ಲ. ಅಲ್ಲೂ ಕಳಿಸಿದವರಿಂದಲೇ ನಂಬರ್ ತೆಗೆದುಕೊಂಡು, ಕಂಪನಿಯ ಸೈಟಿಗೆ ನೀವಾಗಿಯೇ ಹೋಗಿ. ಸುಂಕ ಬಾಕಿ ಇದ್ದರೆ ಪಾರ್ಸೆಲ್ ತಡೆದು ನಿಲ್ಲಿಸಿರುವುದು ಅಲ್ಲಿ ಗೊತ್ತಾಗುತ್ತದೆ, ಇಲ್ಲದಿದ್ದರೆ ಅವರ ಸಹಾಯವಾಣಿಯಲ್ಲಿ ಕೇಳಿ.

ಹುಬ್ಬಳ್ಳಿ ಸಾಹುಕಾರ

ನಮ್ಮನಿಗೂ ಹಿಂಗ ಬಂದಿತ್ತ ನೋಡ್ರಿ, ಆರ್ಡರ್ ಮಾಡದ ಡಬ್ಬಿ ತಂದು 499 ಕೊಡ್ರಿ ಅಂದ. ನಾ ಕೊಡಲಿಲ್ಲ.

ಅಂಚೆ ಮನೆ ಮಾವ

ಒಳ್ಳೇದು ಮಾಡಿದ್ರಿ ಸಾಹುಕಾರ್ರೇ, ಆದರೆ ಅದು ಬೇರೆ ಕಥೆ.

ಮೈಸೂರು ಮಲ್ಲಿಗೆ

ನಮ್ಮ ಅಮ್ಮ ನಿನ್ನೆ ಇಂಥದ್ದೇ ಪುಟದಲ್ಲಿ ಡೆಬಿಟ್ ಕಾರ್ಡ್ ವಿವರ ಎಲ್ಲ ತುಂಬಿದ್ದಾರೆ. ಒಟಿಪಿ ಹಾಕುವಾಗ ಅನುಮಾನ ಬಂದು ಬಿಟ್ಟರಂತೆ. ದುಡ್ಡು ಹೋಗಿಲ್ಲ. ಆ್ಯಪಿನಲ್ಲಿ ಇಂಟರ್‌ನ್ಯಾಷನಲ್ ಆಫ್ ಮಾಡಿದ್ದೇನೆ, ಸಾಕಲ್ವಾ?

ಕಾರ್ಡ್ ಡೆಸ್ಕ್ ಅಕ್ಕ

ಆಫ್ ಮಾಡಿದ್ದು ಒಳ್ಳೆಯದು, ಯಾಕೆಂದರೆ ಹೊರದೇಶದ ಕೆಲವು ಸೈಟುಗಳು ಒಟಿಪಿಯನ್ನೇ ಕೇಳದೆ ದುಡ್ಡು ಎಳೆಯುತ್ತವೆ. ಆದರೆ ಸಾಕಾಗುವುದಿಲ್ಲ. ನಂಬರ್ ಅವರ ಕೈಯಲ್ಲಿದೆ. ಇವತ್ತೇ ಕಾರ್ಡ್ ಬ್ಲಾಕ್ ಮಾಡಿಸಿ ಹೊಸದಕ್ಕೆ ಹೇಳಿ.

ಆ ಪುಟದಲ್ಲಿ ಅಮ್ಮನ ಹೆಸರು, ಫೋನ್ ನಂಬರನ್ನೂ ಕೇಳಿರುತ್ತಾರೆ. ಒಂದೆರಡು ದಿನದಲ್ಲಿ ಬ್ಯಾಂಕಿನವರು ಅಂತ ಹೇಳಿಕೊಂಡು ಫೋನ್ ಬರಬಹುದು, "ನಿಮ್ಮ ಕಾರ್ಡಿನಲ್ಲಿ ಮೋಸ ನಡೆದಿದೆ ಅಮ್ಮ, ನಿಲ್ಲಿಸುವುದಕ್ಕೆ ಒಟಿಪಿ ಹೇಳಿ" ಅಂತ. ಕಾರ್ಡಿನ ಕೊನೆಯ ನಾಲ್ಕು ಅಂಕಿ ಅವರೇ ಹೇಳುವುದರಿಂದ ಜನ ನಂಬಿಬಿಡುತ್ತಾರೆ. ಇದನ್ನು ಅಮ್ಮನಿಗೆ ಮೊದಲೇ ಹೇಳಿಡಿ.

ದುಡ್ಡು ಹೋಗಿಬಿಟ್ಟವರು ಮೊದಲು ಬ್ಯಾಂಕಿಗೆ, ಹಿಂದೆಯೇ 1930ಕ್ಕೆ ಫೋನ್ ಮಾಡಿ, cybercrime.gov.in ನಲ್ಲಿ ದೂರು ಹಾಕಿ. ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ನಿಯಮದ ಪ್ರಕಾರ, ವಿವರ ನಾವೇ ಕೊಟ್ಟು ಹೋದ ದುಡ್ಡಿನ ನಷ್ಟ ನಮ್ಮದೇ, ಆದರೆ ಬ್ಯಾಂಕಿಗೆ ತಿಳಿಸಿದ ಮೇಲೆ ಹೋದದ್ದಕ್ಕೆ ಬ್ಯಾಂಕ್ ಹೊಣೆ. ಅದಕ್ಕೇ ದೂರಿನ ನಂಬರ್, ಸಮಯ ಎರಡನ್ನೂ ಬರೆದಿಟ್ಟುಕೊಳ್ಳಿ.

ಕೋಡ್ ಕುಮಾರ

ಆದರೆ ನಕಲಿ ಪುಟ ಅಷ್ಟು ಅಸಲಿಯ ಹಾಗಿದ್ದರೂ "ನೀವೇ ಕೊಟ್ಟಿದ್ದು, ನಿಮ್ಮದೇ ತಪ್ಪು" ಅನ್ನುವುದು ಅನ್ಯಾಯ ಅಲ್ವಾ ಅಕ್ಕ?

ಕಾರ್ಡ್ ಡೆಸ್ಕ್ ಅಕ್ಕ

ಇದರ ಬಗ್ಗೆ ನಮ್ಮ ವಿಭಾಗದಲ್ಲೇ ಜಗಳ ಮುಗಿದಿಲ್ಲ ಮಾರಾಯ. ಬ್ಯಾಂಕಿನ ಉತ್ತರ ಸರಿ ಅನ್ನಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಏನಾಗುತ್ತದೆ ಅನ್ನುವುದು ಆಯಾ ಪ್ರಕರಣದ ಮೇಲೆ.

ಮೈಸೂರು ಮಲ್ಲಿಗೆ

ಕಾರ್ಡ್ ಬ್ಲಾಕ್ ಮಾಡಿಸಿದೆ ಅಕ್ಕ. ಅಮ್ಮನ ಮೊಬೈಲ್ ಬಿಲ್ ಅದೇ ಕಾರ್ಡಿನಿಂದ ತಾನಾಗಿಯೇ ಹೋಗುತ್ತಿತ್ತು, ಅದು?

ಕಾರ್ಡ್ ಡೆಸ್ಕ್ ಅಕ್ಕ

ಹಳೇ ಕಾರ್ಡಿನಿಂದ ಇನ್ನು ಹೋಗುವುದಿಲ್ಲ. ಹೊಸ ಕಾರ್ಡ್ ಬಂದ ಮೇಲೆ ಮತ್ತೆ ಸೇರಿಸಬೇಕಾಗುತ್ತದೆ. ಅಲ್ಲಿಯವರೆಗೆ ಬಿಲ್ ಬೇರೆ ರೀತಿಯಲ್ಲಿ ಕಟ್ಟಿ. ನಿಮ್ಮ ಕಾರ್ಡ್ ನಿಂತಿದೆ, ಬಿಲ್ ಬಾಕಿ ಇದೆ ಅಂತ ಲಿಂಕ್ ಇರುವ ಮೆಸೇಜ್ ಏನಾದರೂ ಬಂದರೆ ಅದನ್ನು ಒತ್ತುವ ಮುಂಚೆ ಇಲ್ಲಿ ಹಾಕಿ.